ಇಂಗ್ಲಿಷ್ ಮೌಖಿಕ ಪರೀಕ್ಷೆ: ಅಂಕ ಧಾಟಿಗೋ, ತಿಳಿಯುವ ಮಾತಿಗೋ?



ನಮ್ಮಲ್ಲಿ ಹತ್ತನೆಯ ತರಗತಿಯ ಇಂಗ್ಲಿಷ್ ವಿಷಯದ 100 ಅಂಕಗಳಲ್ಲಿ 20 ಅಂಕ ಮೌಖಿಕಕ್ಕೆ ಇವೆ. ಈ 20 ಅಂಕ ನಮ್ಮ ಕೈಯಲ್ಲೇ ಇರುತ್ತವೆ. ಲಿಖಿತ ಪತ್ರಿಕೆಗೆ ಮಾದರಿ ಉತ್ತರ ಇರುತ್ತದೆ, ಮಾತಿಗೆ ಇರುವುದಿಲ್ಲ. ಹುಡುಗ ಎದುರಿಗೆ ನಿಂತು ನಾಲ್ಕು ವಾಕ್ಯ ಹೇಳುತ್ತಾನೆ, ನಮ್ಮ ಕಿವಿ ಏನೋ ಒಂದು ತೀರ್ಪು ಕೊಡುತ್ತದೆ, ಕೈ ಅಂಕ ಹಾಕುತ್ತದೆ. ‘ಇವನ ಇಂಗ್ಲಿಷು ಪೂರಾ ಕನ್ನಡದಂಗ ಕೇಳಸ್ತದ’ ಅಂತ ಅನ್ನಿಸಿದರೆ ಎರಡು ಮೂರು ಅಂಕ ಕಡಿಮೆ ಬೀಳುತ್ತವೆ. ಇಲ್ಲಿ ನಾವು ಅಳೆದದ್ದು ಏನು? ಹುಡುಗನ ಮಾತು ನಮಗೆ ತಿಳಿಯಿತೋ ಇಲ್ಲವೋ ಎಂಬುದನ್ನೋ, ಅವನು ಯಾವ ಊರಿನವ, ಯಾವ ಮನೆಮಾತಿನವ ಎಂಬುದನ್ನೋ? ಇವು ಎರಡು ಬೇರೆ ಬೇರೆ ಸಂಗತಿಗಳು. ಅವನ್ನು ಬೇರೆ ಮಾಡಿ ಅಳೆಯಲು ಬರುತ್ತದೆ, ಅದಕ್ಕೆ ಒಂದು ಮೊಬೈಲು ಮತ್ತು ಒಂದು ಹಾಳೆ ಸಾಕು.

ಪೇಟೆಯಲ್ಲಿ ದಿನಾ ನಡೆಯುವ ಪರೀಕ್ಷೆ

ಮೊದಲು ಇಂಗ್ಲಿಷ್ ಬಿಟ್ಟು ಮರಾಠಿ ನೋಡೋಣ. ಮರಾಠಿಯಲ್ಲಿ ‘ಚೋರ್’ ಎಂಬ ಪದದ ಮೊದಲ ಧ್ವನಿ ನಮ್ಮ ‘ಚ’ ಅಲ್ಲ. ನಾಲಿಗೆಯನ್ನು ಹಲ್ಲಿನ ಹತ್ತಿರ ಇಟ್ಟು ‘ತ್ಸೋರ್’ ಎಂಬಂತೆ ಅನ್ನುತ್ತಾರೆ. ಗಡಹಿಂಗ್ಲಜ ಕಡೆಯ ನಮ್ಮ ಮಂದಿ ಎಷ್ಟೋ ಜನ ಜೀವನಪೂರ್ತಿ ಕನ್ನಡದ ‘ಚ’ ಹಾಕಿಯೇ ‘ಚೋರ್’ ಅಂತಾರೆ. ಇಚಲಕರಂಜಿಯ ಪೇಟೆಯಲ್ಲಿ ‘ಚೋರ್, ಚೋರ್’ ಅಂತ ಒದರಿದರೆ ಜನ ಓಡಿ ಬರೂದಿಲ್ಲೇನು? ಬರ್ತಾರ. ಧಾಟಿ ಕನ್ನಡದ್ದು ಅಂತ ಎಲ್ಲರಿಗೂ ಗೊತ್ತಾಗುತ್ತದೆ, ಮಾತು ಸಹ ಪೂರ್ತಿ ತಿಳಿಯುತ್ತದೆ.

ನಮ್ಮ ನೆರೆಯ ಸಾಂಗಲಿ ಜಿಲ್ಲೆಯ ಕುಪವಾಡ ಎಂಬ ಊರು ಭಾಷಾವಿಜ್ಞಾನದ ಪುಸ್ತಕಗಳಲ್ಲಿ ಜಗತ್ತಿನಾದ್ಯಂತ ಹೆಸರಾಗಿದೆ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಆ ಊರಿನ ಕನ್ನಡ, ಮರಾಠಿ, ಉರ್ದು ಮಾತುಗಳ ಬಗ್ಗೆ ಬರೆದರು. ಶತಮಾನಗಳಿಂದ ಒಬ್ಬರ ಭಾಷೆಯನ್ನು ಇನ್ನೊಬ್ಬರು ಆಡುತ್ತ ಬಂದುದರಿಂದ ಅಲ್ಲಿ ಮೂರೂ ಭಾಷೆಗಳ ವಾಕ್ಯರಚನೆ ಒಂದಕ್ಕೊಂದು ಬಹಳ ಹತ್ತಿರ ಬಂದಿದೆ, ಆದರೆ ಪ್ರತಿ ಮನೆಯೂ ತನ್ನ ಮಾತನ್ನು ಬಿಟ್ಟುಕೊಟ್ಟಿಲ್ಲ ಎಂದು ಅವರು ತೋರಿಸಿದರು. ಅಂದರೆ ನಮ್ಮ ಸೀಮೆಯ ಜನ ಎರಡನೆಯ, ಮೂರನೆಯ ಭಾಷೆ ಕಲಿತದ್ದು ಇನ್ನೊಬ್ಬರಂತೆ ಕಾಣಿಸಿಕೊಳ್ಳಲು ಅಲ್ಲ, ಇನ್ನೊಬ್ಬರಿಗೆ ತಿಳಿಯಲಿಕ್ಕೆ. ಇಂಗ್ಲಿಷ್ ಬಂದಾಗ ಮಾತ್ರ ನಾವು ಈ ಅಳತೆಗೋಲನ್ನು ಬದಲಿಸಿಬಿಟ್ಟೆವು.

ಎರಡು ಅಳತೆಗಳನ್ನು ಬೇರೆ ಮಾಡಿದ ಪ್ರಯೋಗ

ಕೆನಡಾದ ಮರ್ರೆ ಮನ್ರೊ ಮತ್ತು ಟ್ರೇಸಿ ಡರ್ವಿಂಗ್ 1995ರಲ್ಲಿ ಒಂದು ಸರಳ ಪ್ರಯೋಗ ಪ್ರಕಟಿಸಿದರು. ಚೀನಾದ ಮ್ಯಾಂಡರಿನ್ ಮನೆಮಾತಿನ ಹತ್ತು ಜನರ ಇಂಗ್ಲಿಷ್ ಮಾತನ್ನು ಧ್ವನಿಮುದ್ರಿಸಿ, ಇಂಗ್ಲಿಷ್ ಮನೆಮಾತಿನ ಕೇಳುಗರಿಗೆ ತುಣುಕು ತುಣುಕಾಗಿ ಕೇಳಿಸಿದರು. ಪ್ರತಿ ತುಣುಕಿಗೆ ಕೇಳುಗರು ಮೂರು ಕೆಲಸ ಮಾಡಬೇಕಿತ್ತು. ಮೊದಲನೆಯದು, ಕೇಳಿದ್ದನ್ನು ಪದಕ್ಕೆ ಪದ ಬರೆಯುವುದು. ಎರಡನೆಯದು, ತಿಳಿದುಕೊಳ್ಳಲು ಎಷ್ಟು ಕಷ್ಟವಾಯಿತು ಎಂದು 1ರಿಂದ 9ರವರೆಗೆ ಗುರುತು ಹಾಕುವುದು. ಮೂರನೆಯದು, ಪರಭಾಷೆಯ ಧಾಟಿ ಎಷ್ಟು ದಟ್ಟವಾಗಿದೆ ಎಂದು ಮತ್ತೆ 1ರಿಂದ 9ರವರೆಗೆ ಗುರುತು ಹಾಕುವುದು.

ಫಲಿತಾಂಶ ನಮ್ಮ ಕಿವಿಯ ನಂಬಿಕೆಗೆ ವಿರುದ್ಧವಾಗಿತ್ತು. ‘ಧಾಟಿ ಬಹಳ ದಟ್ಟ’ ಎಂದು 8, 9 ಹಾಕಿದ ಎಷ್ಟೋ ತುಣುಕುಗಳನ್ನು ಅದೇ ಕೇಳುಗರು ಒಂದೂ ಪದ ಬಿಡದೆ ಸರಿಯಾಗಿ ಬರೆದಿದ್ದರು. ಧಾಟಿ, ತಿಳಿಯುವಿಕೆ, ತಿಳಿಯಲು ಬೇಕಾದ ಶ್ರಮ ಇವು ಮೂರೂ ಒಂದಕ್ಕೊಂದು ಸಂಬಂಧವುಳ್ಳವೇ, ಆದರೆ ಒಂದೇ ಅಲ್ಲ. ಒಂದರ ಅಂಕ ನೋಡಿ ಇನ್ನೊಂದನ್ನು ಹೇಳಲು ಬರುವುದಿಲ್ಲ.

ಧಾಟಿಯ ಅಂಕದಲ್ಲಿ ಇನ್ನೊಂದು ದೋಷ ಇದೆ. ಅಮೆರಿಕದ ಡೊನಾಲ್ಡ್ ರೂಬಿನ್ 1992ರಲ್ಲಿ ಇಂಗ್ಲಿಷ್ ಮನೆಮಾತಿನ ಒಬ್ಬ ಅಮೆರಿಕನ್ ವ್ಯಕ್ತಿಯ ಧ್ವನಿಮುದ್ರಿತ ಪಾಠವನ್ನು ಕಾಲೇಜು ವಿದ್ಯಾರ್ಥಿಗಳಿಗೆ ಕೇಳಿಸಿದರು. ಒಂದು ಗುಂಪಿಗೆ ಬಿಳಿಯ ಮುಖದ ಚಿತ್ರ, ಇನ್ನೊಂದಕ್ಕೆ ಏಷ್ಯಾದ ಮುಖದ ಚಿತ್ರ ತೋರಿಸಿದರು. ಧ್ವನಿ ಒಂದೇ. ಆದರೂ ಏಷ್ಯಾದ ಮುಖ ಕಂಡವರು ಪಾಠವನ್ನು ಕಡಿಮೆ ಗ್ರಹಿಸಿದರು. ಇದನ್ನು ನಮ್ಮ ಕೊಠಡಿಗೆ ತಂದು ನೋಡಿ. ಹುಡುಗನ ಅಡ್ಡಹೆಸರು, ಊರು, ಅಂಗಿ ನೋಡಿದ ಮೇಲೆ ನಮ್ಮ ಕಿವಿ ಮೊದಲೇ ಒಂದು ಧಾಟಿಯನ್ನು ಕೇಳಲು ಸಿದ್ಧವಾಗಿರುತ್ತದೆ. ಪದಗಳನ್ನು ಬರೆದುಕೊಂಡು ಎಣಿಸಿದರೆ ಈ ದೋಷ ಪೂರ್ತಿ ಹೋಗುವುದಿಲ್ಲ, ಆದರೆ ಹಾಳೆಯ ಮೇಲೆ ಕಾಣುವ ಪುರಾವೆಯಾದರೂ ಉಳಿಯುತ್ತದೆ.

ಆಂಗ್ಲರ ಧಾಟಿ ಯಾಕೆ ಕೈಗೆಟುಕುವ ಗುರಿಯಲ್ಲ

ಇದಕ್ಕೆ ಕಾರಣ ಮಕ್ಕಳ ಸೋಮಾರಿತನವಲ್ಲ, ಕಿವಿಯ ಬೆಳವಣಿಗೆ. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಇಂಗ್ಲಿಷ್ ಮನೆಯ ಹಸುಗೂಸುಗಳಿಗೆ ಹಿಂದಿಯ ‘ತ’ ಮತ್ತು ‘ಟ’ ಕೇಳಿಸಿ ನೋಡಿದರು. ಆರರಿಂದ ಎಂಟು ತಿಂಗಳ ಕೂಸುಗಳು ಎರಡರ ವ್ಯತ್ಯಾಸ ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳಿಗೆ ಬರುವಷ್ಟರಲ್ಲಿ ಬಹುತೇಕ ಕೂಸುಗಳಿಗೆ ಅದು ಆಗುತ್ತಿರಲಿಲ್ಲ. ಮನೆಯಲ್ಲಿ ಕೇಳದ ವ್ಯತ್ಯಾಸವನ್ನು ಕಿವಿ ವರ್ಷದೊಳಗೇ ಬದಿಗಿಡುತ್ತದೆ. ನಮ್ಮ ‘ತ’ ‘ಟ’ ಆಂಗ್ಲರಿಗೆ ಎಷ್ಟು ಕಷ್ಟವೋ, ಅವರ ಕೆಲವು ಧ್ವನಿಗಳು ನಮಗೆ ಅಷ್ಟೇ ಕಷ್ಟ.

ಮುಂದೆ ಕಲಿಯಲು ಆಗುವುದೇ ಇಲ್ಲ ಎಂದಲ್ಲ, ಅದಕ್ಕೆ ಬಹಳ ಹೊತ್ತು ಬೇಕು. ನಮ್ಮಲ್ಲಿ ಆ ಹೊತ್ತು ಎಷ್ಟಿದೆ ಲೆಕ್ಕ ಹಾಕೋಣ. 40 ನಿಮಿಷದ ತಾಸು, 40 ಮಕ್ಕಳು. ತಾಸಿನ ಅರ್ಧ ಹೊತ್ತು ಮಕ್ಕಳೇ ಸರದಿಯಂತೆ ಮಾತಾಡಿದರು ಎಂದು ಉದಾರವಾಗಿ ಹಿಡಿದರೂ ಒಬ್ಬೊಬ್ಬರಿಗೆ ದಿನಕ್ಕೆ ಅರ್ಧ ನಿಮಿಷ. ವರ್ಷಕ್ಕೆ 200 ದಿನ ಶಾಲೆ ಎಂದರೆ 100 ನಿಮಿಷ. ಹತ್ತು ವರ್ಷಕ್ಕೆ 1000 ನಿಮಿಷ, ಅಂದರೆ ಹದಿನೇಳು ತಾಸಿಗೂ ಕಡಿಮೆ. ಇಷ್ಟರಲ್ಲಿ ಆಂಗ್ಲರ ಧಾಟಿ ಕೇಳುವುದು ಅನ್ಯಾಯ. ಇಷ್ಟರಲ್ಲೇ ನಾಲ್ಕು ಜನರಿಗೆ ತಿಳಿಯುವಂತೆ ಮಾತಾಡಿಸುವುದು ಸಾಧ್ಯ.

‘ಆಂಗ್ಲರ ಧಾಟಿ’ ಎಂಬುದೂ ಒಂದೇ ಅಲ್ಲ. ಬ್ರಿಟನ್ನಿನಲ್ಲಿ ಶಿಷ್ಟ ಎಂದು ಹೆಸರಾದ ಉಚ್ಚಾರವನ್ನು ಆಡುವವರು ಅಲ್ಲಿನ ಜನರಲ್ಲಿ ಶೇಕಡಾ 3ರಷ್ಟು ಮಾತ್ರ ಎಂಬುದು ಪೀಟರ್ ಟ್ರಡ್ಗಿಲ್ ಅವರ ಹಳೆಯ ಅಂದಾಜು. ದೊಡ್ಡ ಪರೀಕ್ಷೆಗಳೂ ಈ ಗುರಿಯನ್ನು ಬಿಟ್ಟಿವೆ. ಯುರೋಪ್ ಕೌನ್ಸಿಲ್ ತನ್ನ ಭಾಷಾ ಮಾನದಂಡದ ಉಚ್ಚಾರದ ಭಾಗವನ್ನು 2018ರಲ್ಲಿ ಹೊಸದಾಗಿ ಬರೆದು, ಆಂಗ್ಲರಂತೆ ಕೇಳಿಸುವುದರ ಬದಲು ತಿಳಿಯುವಿಕೆಯನ್ನು ಮುಂದಿಟ್ಟಿತು. ಐಇಎಲ್‌ಟಿಎಸ್ ಪರೀಕ್ಷೆಯ ಅತಿ ಮೇಲಿನ ಶ್ರೇಣಿಗೂ ಉಚ್ಚಾರದಲ್ಲಿ ಕೇಳುವುದು ಶ್ರಮವಿಲ್ಲದೆ ತಿಳಿಯುವ ಮಾತನ್ನೇ.

ಯಾವ ತಪ್ಪು ಮಾತು ಕೆಡಿಸುತ್ತದೆ, ಯಾವುದು ಕೆಡಿಸುವುದಿಲ್ಲ

ಹಾಗಂತ ‘ಹೆಂಗ್ ಬೇಕಾದ್ರೂ ಅನ್ನಲಿ’ ಎಂದು ಅರ್ಥವಲ್ಲ. ಕೆಲವು ತಪ್ಪುಗಳು ನಿಜವಾಗಿಯೂ ಮಾತನ್ನು ಕೆಡಿಸುತ್ತವೆ. ಅವು ನಾವು ಸಾಮಾನ್ಯವಾಗಿ ತಿದ್ದುವ ತಪ್ಪುಗಳಲ್ಲ ಎಂಬುದೇ ತೊಡಕು.

ನಾವು ಹೆಚ್ಚು ತಿದ್ದುವುದು ‘ಥ್ರೀ’, ‘ಥ್ಯಾಂಕ್ಯೂ’ ಪದಗಳ ಮೊದಲ ಧ್ವನಿಯನ್ನು. ನಾಲಿಗೆ ಹಲ್ಲಿನ ನಡುವೆ ತಾ ಅಂತೀವಿ. ನಮ್ಮ ಮಕ್ಕಳು ‘ಥ್ರೀ’ಯನ್ನು ದಂತ್ಯ ‘ಥ’ದಿಂದ, ‘ಟ್ರೀ’ಯನ್ನು ಮೂರ್ಧನ್ಯ ‘ಟ’ದಿಂದ ಅನ್ನುತ್ತಾರೆ. ಎರಡೂ ಬೇರೆಯಾಗಿಯೇ ಉಳಿಯುತ್ತವೆ, ಆದ್ದರಿಂದ ಗೊಂದಲ ಆಗುವುದು ಅಪರೂಪ. ಬೇರೆ ಬೇರೆ ಮನೆಮಾತಿನವರು ಇಂಗ್ಲಿಷಿನಲ್ಲಿ ಮಾತಾಡಿಕೊಳ್ಳುವಾಗ ಎಲ್ಲಿ ಮಾತು ಮುರಿಯುತ್ತದೆ ಎಂದು ಅಭ್ಯಾಸ ಮಾಡಿದ ಜೆನಿಫರ್ ಜೆಂಕಿನ್ಸ್ 2000ದಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಧ್ವನಿಯನ್ನು ಅಗತ್ಯಗಳ ಪಟ್ಟಿಯಿಂದ ಹೊರಗಿಟ್ಟರು. ಸ್ವರದ ಹ್ರಸ್ವ-ದೀರ್ಘ, ಪದದ ಮೊದಲಿನ ಒತ್ತಕ್ಷರ ಇವನ್ನು ಒಳಗಿಟ್ಟರು. ಹ್ರಸ್ವ-ದೀರ್ಘದಲ್ಲಿ ಕನ್ನಡದ ಮಕ್ಕಳು ಅದೃಷ್ಟವಂತರು. ‘ಇ’ ‘ಈ’ ನಮ್ಮ ಮಾತಿನಲ್ಲೇ ಬೇರೆ, ಹಾಗಾಗಿ ‘ಶಿಪ್’ ಮತ್ತು ‘ಶೀಪ್’ ಅವರಿಗೆ ತಾನಾಗಿ ಬರುತ್ತವೆ.

ನಮ್ಮ ನಿಜವಾದ ತೊಡಕು ಪದದ ಮೊದಲಿನ ಸ್ವರ. ಕನ್ನಡದಲ್ಲಿ ‘ಎರಡು’ ಅಂತ ಬರೆದು ‘ಯೆರಡು’ ಅಂತೀವಿ, ‘ಒಂದು’ ಬರೆದು ‘ವೊಂದು’ ಅಂತೀವಿ. ಇದೇ ರೂಢಿ ಇಂಗ್ಲಿಷಿಗೂ ಹೋಗುತ್ತದೆ. ‘ಎಗ್’ ಎಂಬುದು ‘ಯೆಗ್’ ಆದರೆ ಏನೂ ಕೆಡುವುದಿಲ್ಲ, ಯಾಕೆಂದರೆ ‘ಯೆಗ್’ ಎಂಬ ಬೇರೆ ಪದ ಸಾಮಾನ್ಯ ಬಳಕೆಯಲ್ಲಿ ಇಲ್ಲ. ಆದರೆ ಕಿವಿ ಎಂಬ ಅರ್ಥದ ‘ಇಯರ್’ಗೆ ‘ಯ’ ಸೇರಿದರೆ ಅದು ವರ್ಷ ಆಗುತ್ತದೆ. ‘ಓಟ್ಸ್’ ಎಂಬ ಧಾನ್ಯಕ್ಕೆ ‘ವ’ ಸೇರಿದರೆ ಅದು ಚುನಾವಣೆಯ ಮತ ಆಗುತ್ತದೆ. ಇಲ್ಲಿ ಧಾಟಿ ಕೆಟ್ಟಿಲ್ಲ, ಅರ್ಥ ಕೆಟ್ಟಿದೆ. ಹಾಗೆಯೇ ‘ಸ್ಟೇಶನ್’ ಪದದಲ್ಲಿ ಮೊದಲ ‘ಸ’ ಬಿಟ್ಟು ‘ಟೇಶನ್’ ಅನ್ನುವುದು, ‘ಆಸ್ಕ್ಡ್’ ಪದದ ಕೊನೆಯ ವ್ಯಂಜನಗಳನ್ನು ನುಂಗುವುದು ಕೇಳುಗನಿಗೆ ಬೇಕಾದ ಗುರುತುಗಳನ್ನೇ ಅಳಿಸುತ್ತವೆ.

ಕೇಳುವವರು ಯಾರು ಎಂಬ ಪ್ರಶ್ನೆ

ತಿಳಿಯುವಿಕೆ ಹೇಳುವವನ ಬಾಯಿಯಲ್ಲಿ ಅಷ್ಟೇ ಇರುವುದಿಲ್ಲ, ಕೇಳುವವನ ಕಿವಿಯಲ್ಲೂ ಇರುತ್ತದೆ. ಇದಕ್ಕೆ ‘ಪ’ ಅಕ್ಷರ ಒಳ್ಳೆಯ ಉದಾಹರಣೆ. ತುಟಿ ತೆರೆದ ಮೇಲೆ ಗಂಟಲಿನ ಸ್ವರತಂತುಗಳು ಕಂಪಿಸಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಲೀ ಲಿಸ್ಕರ್ ಮತ್ತು ಆರ್ಥರ್ ಅಬ್ರಾಮ್ಸನ್ 1964ರಲ್ಲಿ ಹನ್ನೊಂದು ಭಾಷೆಗಳಲ್ಲಿ ಅಳೆದರು, ಅದರಲ್ಲಿ ಮರಾಠಿಯೂ ಇತ್ತು. ಇಂಗ್ಲಿಷಿನ ಪದದ ಮೊದಲ ‘ಪ’ಕ್ಕೆ ಸುಮಾರು 58 ಮಿಲಿಸೆಕೆಂಡ್. ಮರಾಠಿಯ ‘ಪ’ದಲ್ಲಿ ಅದು ಹೆಚ್ಚುಕಡಿಮೆ ಸೊನ್ನೆ, ನಮ್ಮ ಅಲ್ಪಪ್ರಾಣ ‘ಪ’ವೂ ಇದೇ ಜಾತಿಯದು. ಆಂಗ್ಲರ ಕಿವಿ ಆ ಪುಟ್ಟ ಉಸಿರಿನಿಂದಲೇ ‘ಪ’ವನ್ನು ಗುರುತಿಸುತ್ತದೆ. ಉಸಿರಿಲ್ಲದ ನಮ್ಮ ‘ಪಿನ್’ ಅವರಿಗೆ ‘ಬಿನ್’ ಎಂದು ಕೇಳಿಸಬಹುದು. ಆದರೆ ಕೊಲ್ಹಾಪುರದ ಮರಾಠಿ ಕೇಳುಗನಿಗೆ ಈ ಗೊಂದಲವೇ ಇಲ್ಲ, ಅವನ ‘ಪ’ವೂ ನಮ್ಮದೇ.

ಪದದ ಒತ್ತಿನದೂ ಇದೇ ಕಥೆ. ಆರ್.ಕೆ. ಬನ್ಸಲ್ ಲಂಡನ್ ವಿಶ್ವವಿದ್ಯಾಲಯಕ್ಕೆ 1966ರಲ್ಲಿ ಸಲ್ಲಿಸಿದ ಪ್ರಬಂಧದಲ್ಲಿ ಭಾರತೀಯರ ಇಂಗ್ಲಿಷ್ ಬ್ರಿಟಿಷರಿಗೆ ಎಷ್ಟು ತಿಳಿಯುತ್ತದೆ ಎಂದು ಅಳೆದರು, ಸರಾಸರಿ ಸುಮಾರು ಶೇಕಡಾ 70 ಬಂತು. ಹೈದರಾಬಾದಿನ ಇಂಗ್ಲಿಷ್ ಸಂಸ್ಥೆ ಅದನ್ನು 1969ರಲ್ಲಿ ಪ್ರಕಟಿಸಿತು. ತಿಳಿಯದಿದ್ದ ಕಡೆ ದೊಡ್ಡ ಕಾರಣ ಒತ್ತು ತಪ್ಪಾದದ್ದು. ‘ಕ್ಯಾರೆಕ್ಟರ್’ ಪದದಲ್ಲಿ ಒತ್ತು ‘ಕ್ಯಾ’ ಮೇಲೆ ಇರಬೇಕು, ನಡುವಿನ ‘ರೆಕ್’ ಮೇಲೆ ಹಾಕಿದರೆ ಬ್ರಿಟಿಷರಿಗೆ ‘ಡೈರೆಕ್ಟರ್’ ಎಂದು ಕೇಳಿಸಿತು. ನಮ್ಮ ನಮ್ಮೊಳಗೆ ಮಾತಾಡುವಾಗ ಈ ಒತ್ತು ತಪ್ಪಿದರೂ ಅಷ್ಟು ನಡೆಯುತ್ತದೆ. ಜೆಂಕಿನ್ಸ್ ಕೂಡ ಪದದ ಒತ್ತನ್ನು ಅಗತ್ಯಗಳಲ್ಲಿ ಸೇರಿಸಲಿಲ್ಲ.

ಹಾಗಾದರೆ ನಮ್ಮ ಮಕ್ಕಳನ್ನು ಯಾರು ಕೇಳುತ್ತಾರೆ? ಇಚಲಕರಂಜಿಯ ಮಗ್ಗದ ಸಾಲುಗಳಲ್ಲಿ ಬೇರೆ ರಾಜ್ಯಗಳಿಂದ ಬಂದವರು ಇದ್ದಾರೆ. ಗಡಹಿಂಗ್ಲಜದ ಹುಡುಗ ಪುಣೆಗೋ ಬೆಂಗಳೂರಿಗೋ ಹೋದರೆ ಅವನ ಇಂಗ್ಲಿಷ್ ಕೇಳುವವರು ತಮಿಳರು, ತೆಲುಗರು, ಬಂಗಾಳಿಗಳು. ಆದ್ದರಿಂದ ಶಾಲೆಯಲ್ಲಿ ಮೊದಲು ಭಾರತದ ಬೇರೆ ಮನೆಮಾತಿನ ಕೇಳುಗನನ್ನು ಎದುರಿಗಿಟ್ಟುಕೊಳ್ಳೋಣ. ಉಸಿರಿನ ‘ಪ’ ಮತ್ತು ಪದದ ಒತ್ತನ್ನು ದೂರದೇಶದ ಕೇಳುಗರ ಸಲುವಾಗಿ ಆಮೇಲೆ ಕಲಿಸಬಹುದು. ಅವಕ್ಕಾಗಿ ಶಾಲೆಯ ಅಂಕ ಕಳೆಯಬಾರದು.

ಒಂದು ಲೆಕ್ಕ ಮಾಡಿ ನೋಡೋಣ

ಎಂಟನೆಯ ತರಗತಿಯ ಒಬ್ಬ ಹುಡುಗಿ ಇದ್ದಾಳೆ ಅಂತ ಇಟ್ಟುಕೊಳ್ಳಿ. ಅವಳಿಗೆ ಪಾಠದಲ್ಲಿ ಇಲ್ಲದ ಹತ್ತು ಚಿಕ್ಕ ವಾಕ್ಯಗಳನ್ನು ಕೊಡಿ. ಪಾಠದ ವಾಕ್ಯ ಕೊಟ್ಟರೆ ಕೇಳುವ ಶಿಕ್ಷಕರು ನೆನಪಿನಿಂದಲೇ ಬರೆದುಬಿಡುತ್ತಾರೆ. ‘ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ’ ಎಂಬಂಥ ಎಲ್ಲರಿಗೂ ಗೊತ್ತಿರುವ ಮಾತೂ ಬೇಡ. ‘ದ ಫಾರ್ಮರ್ ಸೋಲ್ಡ್ ಹಿಸ್ ಓಟ್ಸ್ ಲಾಸ್ಟ್ ವೀಕ್’ ಎಂಬಂಥ ವಾಕ್ಯ ಇರಲಿ. ಒಮ್ಮೆ ಮನಸ್ಸಿನಲ್ಲಿ ಓದಿಕೊಳ್ಳಲು ಬಿಟ್ಟು, ಆಮೇಲೆ ಮೊಬೈಲಿನಲ್ಲಿ ಮುದ್ರಿಸಿ. ಹತ್ತು ವಾಕ್ಯದಲ್ಲಿ ಒಟ್ಟು 64 ಪದ ಇವೆ ಅನ್ನೋಣ.

ಆ ಮುದ್ರಣವನ್ನು ಅವಳ ಪರಿಚಯವೇ ಇಲ್ಲದ ಇಬ್ಬರು ಶಿಕ್ಷಕರಿಗೆ ಹೆಸರಿಲ್ಲದೆ ಕಳಿಸಿ. ಒಬ್ಬರು ಮರಾಠಿ ಶಾಲೆಯವರು, ಇನ್ನೊಬ್ಬರು ಉರ್ದು ಶಾಲೆಯವರು ಇದ್ದರೆ ಒಳ್ಳೆಯದು. ನಾವೇ ಕೇಳಿದರೆ ಮೋಸ ಆಗುತ್ತದೆ. ‘ಯಿಯರ್’ ಅಂದದ್ದು ಕಿವಿಯೇ ಎಂದು ನಮಗೆ ಕೂಡಲೇ ಹೊಳೆಯುತ್ತದೆ, ಯಾಕೆಂದರೆ ನಾವೂ ಹಾಗೇ ಅಂತೀವಿ. ಅವರು ಪ್ರತಿ ವಾಕ್ಯವನ್ನು ಒಂದೇ ಸಲ ಕೇಳಿ ತಿಳಿದಷ್ಟು ಬರೆಯಬೇಕು. ಕೊನೆಗೆ ಶ್ರಮಕ್ಕೆ ಒಂದು, ಧಾಟಿಗೆ ಒಂದು ಗುರುತು ಹಾಕಬೇಕು. 1 ಅಂದರೆ ಶ್ರಮವೇ ಇಲ್ಲ, ಧಾಟಿಯೇ ಇಲ್ಲ. 9 ಅಂದರೆ ಬಹಳ ಶ್ರಮ, ಬಹಳ ದಟ್ಟ.

ಮೊದಲನೆಯವರು 57 ಪದ ಸರಿ ಬರೆದರು, ಎರಡನೆಯವರು 59. ಸರಾಸರಿ 58, ಅಂದರೆ 64ಕ್ಕೆ ಸುಮಾರು ಶೇಕಡಾ 91. ಶ್ರಮಕ್ಕೆ ಇಬ್ಬರೂ 3 ಹಾಕಿದರು, ಧಾಟಿಗೆ 7. ಕಿವಿಯ ತೀರ್ಪಿನಿಂದ ಅಂಕ ಹಾಕಿದ್ದರೆ ಆ 7 ನೋಡಿ ಇವಳನ್ನು ಕೆಳಗೆ ಇಡುತ್ತಿದ್ದೆವು. ಹಾಳೆ ನೋಡಿದರೆ ಹತ್ತರಲ್ಲಿ ಒಂಬತ್ತು ಪದ ಅಪರಿಚಿತರಿಗೂ ತಿಳಿದಿವೆ.

ಈಗ ತಪ್ಪಿದ ಪದಗಳನ್ನು ನೋಡಿ. ಮೊದಲನೆಯವರು ತಪ್ಪಿದ ಏಳರಲ್ಲಿ ಮೂರು ‘ದ’, ‘ಆಫ್’ ಎಂಬಂಥ ಸಣ್ಣ ಪದ. ಉಳಿದ ನಾಲ್ಕರಲ್ಲಿ ಕಿವಿ ವರ್ಷವಾಗಿದೆ, ಓಟ್ಸ್ ಮತವಾಗಿದೆ, ‘ಆಸ್ಕ್ಡ್’ ತಿಳಿದಿಲ್ಲ, ‘ಸ್ನ್ಯಾಕ್’ ಎಂಬುದು ‘ಸ್ನೇಕ್’ ಆಗಿದೆ. ಎರಡನೆಯವರು ತಪ್ಪಿದ ಐದರಲ್ಲಿ ಎರಡು ಸಣ್ಣ ಪದ, ಉಳಿದ ಮೂರು ಕಿವಿ, ಓಟ್ಸ್, ‘ಆಸ್ಕ್ಡ್’. ಇಬ್ಬರೂ ತಪ್ಪಿದ ಪದಗಳೇ ನಿಜವಾದ ಸುಳಿವು. ಒಬ್ಬರೇ ತಪ್ಪಿದ್ದರೆ ಅದು ಕೇಳುವವರ ಎಚ್ಚರಗೇಡಿತನವೂ ಇರಬಹುದು. ಕಿವಿ ಮತ್ತು ಓಟ್ಸ್ ಎರಡಕ್ಕೂ ಕಾರಣ ಒಂದೇ, ಪದದ ಮೊದಲ ಸ್ವರಕ್ಕೆ ‘ಯ’ ‘ವ’ ಸೇರಿಸುವ ರೂಢಿ. ಹಾಗಾಗಿ ಹುಡುಗಿಗೆ ಹತ್ತು ತಪ್ಪು ಹೇಳಬೇಕಾಗಿಲ್ಲ, ಒಂದು ಹೇಳಿದರೆ ಸಾಕು: ‘ಅವ್ವಾ, ಈ ಪದ ಶುರುಮಾಡೂಮುಂದ ತುಟಿ ಗುಂಡಗ ಮಾಡಿ ಸುಮ್ನ ಬಾಯಿ ತೆರಿ, ವ ಬರಬಾರದು.’ ಮೂರು ವಾರ ಬಿಟ್ಟು ಬೇರೆ ಹತ್ತು ವಾಕ್ಯದಿಂದ ಮತ್ತೆ ಅಳೆಯಿರಿ. ಧಾಟಿ 7 ಆಗಿಯೇ ಉಳಿಯಬಹುದು. ಆ ಎರಡು ಬಗೆಯ ಪದಗಳು ಸರಿಯಾಗಿ ಬರೆಯಲ್ಪಟ್ಟಿದ್ದರೆ ಕಲಿಕೆ ಆಗಿದೆ.

ಈ ಅಳತೆಯ ಮಿತಿ

ಓದಿ ಹೇಳುವುದು ಮಾತಾಡುವುದಲ್ಲ. ಓದುವಾಗ ಕಾಗುಣಿತ ನೋಡಿ ಆಗುವ ತಪ್ಪು ಮಾತಿನಲ್ಲಿ ಆಗದೇ ಇರಬಹುದು. ‘ಸ್ನ್ಯಾಕ್’ ‘ಸ್ನೇಕ್’ ಆದದ್ದು ಬಹುಶಃ ಅಂಥದ್ದು. ಆದ್ದರಿಂದ ವಾಕ್ಯಗಳ ಜೊತೆಗೆ ಒಂದು ಚಿತ್ರ ತೋರಿಸಿ ಅರ್ಧ ನಿಮಿಷ ಮಾತಾಡಿಸಿ, ಅದನ್ನೂ ಇನ್ನೊಬ್ಬರು ಕೇಳಿ ಏನು ತಿಳಿಯಿತು ಎಂದು ಎರಡು ಸಾಲಿನಲ್ಲಿ ಬರೆಯಲಿ. ಮಗ್ಗದ ಸದ್ದಿನ ಪಕ್ಕದಲ್ಲಿ ಮುದ್ರಿಸಿದ ಧ್ವನಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅಲ್ಲಿ ಕಳೆದುಹೋದ ಪದ ಹುಡುಗಿಯ ತಪ್ಪಲ್ಲ.

ಪದವೆಲ್ಲ ತಿಳಿದರೂ ಕೇಳಲು ದಣಿವಾಗುವ ಮಾತು ಇರುತ್ತದೆ. ಶ್ರಮದ ಗುರುತು ಇರುವುದು ಅದಕ್ಕೇ. ಪದ ಶೇಕಡಾ 95 ಬಂದು ಶ್ರಮ 7 ಬಂದರೆ ಕಾರಣ ತಪ್ಪು ಜಾಗದಲ್ಲಿ ನಿಲ್ಲಿಸುವುದು ಇರಬಹುದು. ಅಂಥ ಮಕ್ಕಳಿಗೆ ವಾಕ್ಯವನ್ನು ಅರ್ಥದ ತುಂಡು ಮಾಡಿ ಓದಿಸಿ.

ಮೌಖಿಕದ ಅಂಕ ಹಾಕುವಾಗ ಉಚ್ಚಾರದ ಪಾಲಿಗೆ ಪದದ ಲೆಕ್ಕ ಮತ್ತು ಶ್ರಮದ ಗುರುತು ಎರಡನ್ನೇ ಹಿಡಿಯಿರಿ. ಧಾಟಿಯ ಗುರುತನ್ನು ಹಾಳೆಯ ಮೂಲೆಯಲ್ಲಿ ಬರೆಯಿರಿ, ಆದರೆ ಕೂಡಿಸಬೇಡಿ. ನಾಲ್ಕು ಹಾಳೆ ತುಂಬಿದ ಮೇಲೆ ಆ ಮೂಲೆಯ ಅಂಕಿಯನ್ನೂ ನಡುವಿನ ಅಂಕಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಮ್ಮ ಕಿವಿ ಇಷ್ಟು ವರ್ಷ ಯಾವುದಕ್ಕೆ ಅಂಕ ಕಳೆದಿತ್ತು ಎಂಬುದು ಅಲ್ಲೇ ಕಾಣುತ್ತದೆ.